ಮೆಂಟೆನೆನ್ಸ್ ಶೀಟ್ ಕಳಿಸಿದ ಮೇಲೆ ಗಲಾಟೆ: ಬಾಡಿಗೆದಾರರಿಗೆ ಲೆಕ್ಕ ಹೇಗೆ ಬರೆದು ತಿಳಿಸಲಿ?

ಓನರ್ ಮಗಳು

ನಮ್ಮದು ಬೆಂಗಳೂರಿನಲ್ಲಿ ನೆಲಮಹಡಿ ಮತ್ತು ಮೇಲೆ ಮೂರು ಮಹಡಿ ಇರುವ ಬಿಲ್ಡಿಂಗ್. ಒಟ್ಟು ಎಂಟು ಮನೆ. ಕೆಳಗೆ ಮುಂದಿನ ಮನೆಯಲ್ಲಿ ಅಪ್ಪ ಅಮ್ಮ ಇದ್ದಾರೆ, ಉಳಿದ ಏಳು ಬಾಡಿಗೆಗೆ. ಇಷ್ಟು ವರ್ಷ ಅಪ್ಪ ಮೆಂಟೆನೆನ್ಸ್ ಅಂತ ಮನೆಗೆ 1,400 ತೆಗೆದುಕೊಳ್ಳುತ್ತಿದ್ದರು. ಲೆಕ್ಕ ಯಾರೂ ಕೇಳಿರಲಿಲ್ಲ, ಅವರೂ ಕೊಟ್ಟಿರಲಿಲ್ಲ.

ಮಾರ್ಚ್‌ನಲ್ಲಿ ಬೋರ್ ನೀರು ಕಡಿಮೆಯಾಗಿ ಆರು ಟ್ಯಾಂಕರ್ ತರಿಸಬೇಕಾಯಿತು. ಅದೇ ತಿಂಗಳು ಮೋಟಾರೂ ಸುಟ್ಟು ಹೋಯಿತು. ಅಪ್ಪ ಬಿಲ್‌ಗಳನ್ನೆಲ್ಲ ನನ್ನ ಕೈಗೆ ಕೊಟ್ಟು "ನೀನೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಕಳಿಸು" ಅಂದರು. ನಾನು ಶೀಟ್ ಮಾಡಿ ಬಿಲ್ಡಿಂಗ್ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಜೊತೆಗೆ ಬರೆದದ್ದು ಒಂದೇ ಸಾಲು: "ಮಾರ್ಚ್ ಮೆಂಟೆನೆನ್ಸ್ 3,030. ವಿವರ ಶೀಟ್‌ನಲ್ಲಿದೆ."

ಅರ್ಧ ಗಂಟೆಯಲ್ಲಿ ನಲವತ್ತು ಮೆಸೇಜ್. ಒಬ್ಬರು "ಬಾಡಿಗೆ ಜೊತೆ ಇನ್ನೊಂದು ಬಾಡಿಗೆನಾ" ಅಂದರು. ಶೀಟ್ ತೆರೆದು ನೋಡಿದವರು ಇಬ್ಬರೇ ಇರಬೇಕು.

ಖರ್ಚು ಹೀಗಿದೆ. ಕಾಮನ್ ಮೀಟರ್ ಕರೆಂಟ್ 4,320. ಕಾವೇರಿ ನೀರಿನ ಬಿಲ್ 1,680. ಟ್ಯಾಂಕರ್ ಆರು, ಒಂದಕ್ಕೆ 900, ಒಟ್ಟು 5,400. ಮೆಟ್ಟಿಲು, ಆವರಣ ಗುಡಿಸುವವರಿಗೆ 2,400. ಲಿಫ್ಟ್ ಎಎಂಸಿ ವರ್ಷಕ್ಕೆ 18,000, ತಿಂಗಳಿಗೆ 1,500. ಸಂಪು ಮತ್ತು ಮೇಲಿನ ಟ್ಯಾಂಕ್ ತೊಳೆಸಲು ಆರು ತಿಂಗಳಿಗೊಮ್ಮೆ 2,400, ತಿಂಗಳಿಗೆ 400. ಮೋಟಾರ್ ರಿವೈಂಡಿಂಗ್ 5,500. ಎಲ್ಲ ಸೇರಿ 21,200. ಏಳರಿಂದ ಭಾಗಿಸಿದೆ.

ಈಗ ಸರಿಯಾಗಿ ಒಂದು ಮೆಸೇಜ್ ಬರೆದು ಶೀಟ್ ಮತ್ತೆ ಕಳಿಸಬೇಕು ಅಂತಿದ್ದೇನೆ. ಹೇಗೆ ಬರೆದರೆ ಜನ ಒಪ್ಪುತ್ತಾರೆ?

ಬಸವನಗುಡಿ ಬಾಡಿಗೆದಾರ

1,400 ಇದ್ದದ್ದು 3,030 ಅಂದ್ರೆ ಡಬಲ್‌ಗಿಂತ ಜಾಸ್ತಿ! ಕೊಡಬೇಡಿ ಮೇಡಂ. ಎಲ್ಲ ಬಾಡಿಗೆದಾರರೂ ಒಟ್ಟಾಗಿ ಓನರ್ ಹತ್ತಿರ ಮಾತಾಡಿ. ಅಡ್ವಾನ್ಸ್ ವಾಪಸ್ ಕೇಳಿ ಬೇರೆ ಮನೆ ನೋಡಿಕೊಳ್ಳುವುದೇ ಒಳ್ಳೆಯದು.

ಓನರ್ ಮಗಳು

ಸಾರ್, ಓನರ್ ಕಡೆಯವಳು ನಾನೇ. 😅

ಬಸವನಗುಡಿ ಬಾಡಿಗೆದಾರ

ಓ, ಸಾರಿ. ಆದರೂ ಡಬಲ್ ಜಾಸ್ತಿಯೇ.

ಲೆಕ್ಕದ ಪುಸ್ತಕ

ನಾನು ಹದಿನೆಂಟು ಮನೆಯ ಒಂದು ಅಪಾರ್ಟ್‌ಮೆಂಟಿನ ಲೆಕ್ಕ ಆರು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಮೆಸೇಜ್ ಆಮೇಲೆ ಬರೆಯೋಣ. ಮೊದಲು ಶೀಟ್ ಸರಿಯಾಗಬೇಕು. ನಿಮ್ಮ ಬಾಡಿಗೆದಾರರ ಸಿಟ್ಟಿನಲ್ಲಿ ಅರ್ಧ ನ್ಯಾಯ ಇದೆ.

ಒಂದು, ಏಳರಿಂದ ಯಾಕೆ ಭಾಗಿಸಿದಿರಿ? ಅಪ್ಪ ಅಮ್ಮ ಅದೇ ಸಂಪಿನ ನೀರು ಬಳಸುತ್ತಾರೆ, ಅದೇ ಮೋಟಾರ್ ಅವರಿಗೂ ನೀರು ಏರಿಸುತ್ತದೆ. ಅವರ ಮನೆಯೂ ಒಂದು ಮನೆ. ಎಂಟರಿಂದ ಭಾಗಿಸಬೇಕು. ಹಿಂದಿನ ಲೆಕ್ಕ ನೋಡಿ. ಈ ತಿಂಗಳ ಖರ್ಚಿನಲ್ಲಿ ಟ್ಯಾಂಕರ್ ಮತ್ತು ಮೋಟಾರ್ ಬಿಟ್ಟರೆ ಉಳಿಯುವುದು 10,300. ನೀವು ಏಳು ಮನೆಯಿಂದ 1,400ರಂತೆ 9,800 ತೆಗೆದುಕೊಳ್ಳುತ್ತಿದ್ದಿರಿ. ಅಂದರೆ ಇಷ್ಟು ದಿನ ನಿಮ್ಮ ಮನೆಯ ಪಾಲು ಹೆಚ್ಚುಕಡಿಮೆ 500 ರೂಪಾಯಿ. ಶೀಟ್ ತೆರೆದು ನೋಡಿದ ಆ ಇಬ್ಬರು ಮೊದಲು ಕಂಡುಹಿಡಿಯುವುದು ಇದನ್ನೇ.

ಎರಡು, ಮೋಟಾರ್ ರಿವೈಂಡಿಂಗ್ ತೆಗೆಯಿರಿ. ಮೋಟಾರ್ ನಿಮ್ಮ ಆಸ್ತಿ. ಬಾಡಿಗೆದಾರ ನಾಳೆ ಖಾಲಿ ಮಾಡುವಾಗ ಅದನ್ನು ಹೊತ್ತುಕೊಂಡು ಹೋಗುವುದಿಲ್ಲ. ತಿಂಗಳು ತಿಂಗಳು ಬರುವ ಖರ್ಚು ಬೇರೆ, ವಸ್ತು ಕೆಟ್ಟಾಗ ಬರುವ ಖರ್ಚು ಬೇರೆ. ಎರಡನ್ನೂ ಒಂದೇ ಮೊತ್ತಕ್ಕೆ ಸೇರಿಸಿದ್ದರಿಂದಲೇ ಟ್ಯಾಂಕರ್ ಖರ್ಚನ್ನೂ ಯಾರೂ ನಂಬುತ್ತಿಲ್ಲ.

ಕಾನೂನು ಗೊತ್ತು

ಹೌದು, ಕರ್ನಾಟಕ ಬಾಡಿಗೆ ಕಾಯ್ದೆ 1999ರ ಪ್ರಕಾರ ರಿಪೇರಿ ಓನರ್ ಜವಾಬ್ದಾರಿ. ಬಾಡಿಗೆದಾರರ ಮೇಲೆ ಹಾಕುವ ಹಾಗೇ ಇಲ್ಲ. ಇದನ್ನು ಮೆಸೇಜ್‌ನಲ್ಲೇ ಬರೆಯಿರಿ.

ಲೆಕ್ಕದ ಪುಸ್ತಕ

ಬರೆಯಬೇಡಿ. ಆ ಕಾಯ್ದೆ ಬೆಂಗಳೂರಿನಂಥ ಊರಿನಲ್ಲಿ ತಿಂಗಳ ಬಾಡಿಗೆ 3,500 ದಾಟಿದ ಮನೆಗಳಿಗೆ ಅನ್ವಯಿಸುವುದಿಲ್ಲ. ಇವತ್ತು 3,500ಕ್ಕೆ ಇಲ್ಲಿ ಒಂದು ರೂಮೂ ಸಿಗಲ್ಲ ಅಲ್ವಾ. ಹಾಗಾಗಿ ನಿಮ್ಮ ಅಗ್ರಿಮೆಂಟಿನಲ್ಲಿ ಏನು ಬರೆದಿದೆ ಅನ್ನುವುದೇ ಮುಖ್ಯ. ಮೆಂಟೆನೆನ್ಸ್ ಬಗ್ಗೆ ಏನಿದೆ ನೋಡಿ ಹೇಳಿ.

ಓನರ್ ಮಗಳು

ನೋಡಿದೆ. "ಮೆಂಟೆನೆನ್ಸ್ ಖರ್ಚನ್ನು ಪ್ರತ್ಯೇಕವಾಗಿ ಕೊಡತಕ್ಕದ್ದು" ಅಂತ ಒಂದೇ ಸಾಲು. ಮೊತ್ತ ಇಲ್ಲ, ಹೇಗೆ ಹಂಚಬೇಕು ಅಂತಲೂ ಇಲ್ಲ. ಸ್ಟಾಂಪ್ ಪೇಪರ್ ಅಂಗಡಿಯವರ ಮಾಮೂಲಿ ಅಗ್ರಿಮೆಂಟ್. ಮೋಟಾರ್ ತೆಗೆಯಲು ಅಪ್ಪ ಒಪ್ಪಿದರು, ಸ್ವಲ್ಪ ಗೊಣಗಿದರು. ನಮ್ಮ ಮನೆಯನ್ನೂ ಸೇರಿಸುತ್ತೇನೆ. ಈಗ ಒಟ್ಟು 15,700. ಎಂಟರಿಂದ ಭಾಗಿಸಿದರೆ ಸುಮಾರು 1,963. ಇಷ್ಟಕ್ಕೆ ಮುಗಿಯಿತಾ?

ಒಂಟಿ ಹಕ್ಕಿ

ಮುಗಿಯಲಿಲ್ಲ! ನಾನು ಒಬ್ಬಳೇ ಇರುವುದು. ಬೆಳಿಗ್ಗೆ ಎಂಟಕ್ಕೆ ಹೋದರೆ ರಾತ್ರಿ ಒಂಬತ್ತಕ್ಕೆ ಬರುತ್ತೇನೆ. ಪಕ್ಕದ ಮನೆಯಲ್ಲಿ ಆರು ಜನ, ದಿನಾ ಎರಡು ಸಲ ವಾಷಿಂಗ್ ಮೆಷಿನ್. ನೀರಿಗೆ ಇಬ್ಬರೂ ಒಂದೇ ದುಡ್ಡು ಕೊಡುತ್ತೇವೆ. ಎರಡು ವರ್ಷದಿಂದ ಓನರ್‌ಗೆ ಹೇಳಿ ಹೇಳಿ ಸಾಕಾಗಿದೆ.

ಲೆಕ್ಕದ ಪುಸ್ತಕ

ಇವರು ಹೇಳಿದ್ದೇ ಮುಂದಿನ ಮಾತು. ಎಷ್ಟು ಜನ ಇದ್ದಾರೋ ಅಷ್ಟಕ್ಕೆ ಏರುವ ಖರ್ಚು ಯಾವುದು, ಯಾರಿದ್ದರೂ ಇಲ್ಲದಿದ್ದರೂ ಬರುವ ಖರ್ಚು ಯಾವುದು ಅಂತ ಬೇರೆ ಮಾಡಿ. ಗುಡಿಸುವುದು, ಲಿಫ್ಟ್ ಎಎಂಸಿ, ಟ್ಯಾಂಕ್ ತೊಳೆಸುವುದು ಮನೆಗೆ ಇಷ್ಟು ಅಂತ ಸಮ. ಕಾವೇರಿ ಮತ್ತು ಟ್ಯಾಂಕರ್ ತಲೆಗೆ ಇಷ್ಟು. ಕರೆಂಟ್ ಬಿಲ್ಲನ್ನು ಮಾತ್ರ ಸೀಳಬೇಕಾಗುತ್ತದೆ. ಬಿಲ್‌ನಲ್ಲಿ ನಿಗದಿತ ಶುಲ್ಕ ಅಂತ ಒಂದು ಸಾಲಿದೆ ನೋಡಿ. ಅದು ಮಂಜೂರಾದ ಕಿಲೋವ್ಯಾಟ್ ಮೇಲೆ ಬರುತ್ತದೆ. ತಿಂಗಳಿಡೀ ಮೋಟಾರ್ ಹಾಕದಿದ್ದರೂ ಬರುತ್ತದೆ. ಅದನ್ನು ಸಮಪಾಲಿಗೆ ಸೇರಿಸಿ. ಉಳಿದ ಯೂನಿಟ್ ದುಡ್ಡು, ಅದರ ಮೇಲಿನ ತೆರಿಗೆ ಎಲ್ಲ ತಲೆಲೆಕ್ಕಕ್ಕೆ ಹೋಗಲಿ. ಯಾಕೆಂದರೆ ಕಾಮನ್ ಮೀಟರ್‌ನಲ್ಲಿ ಯೂನಿಟ್ ತಿನ್ನುವುದು ಮುಖ್ಯವಾಗಿ ನೀರಿನ ಮೋಟಾರ್ ಮತ್ತು ಲಿಫ್ಟ್. ಮೆಟ್ಟಿಲಿನ ಎಲ್‌ಇಡಿ ದೀಪ ಅಷ್ಟೇನೂ ತಿನ್ನಲ್ಲ.

ಯಾವ ಮನೆಯಲ್ಲಿ ಎಷ್ಟು ಜನ ಅಂತ ಹೇಳಿದರೆ ಇಲ್ಲೇ ಲೆಕ್ಕ ಹಾಕೋಣ.

ಓನರ್ ಮಗಳು

ನಿಗದಿತ ಶುಲ್ಕ 870 ಇದೆ. ಅಂದರೆ ಯೂನಿಟ್ ಕಡೆ 3,450.

ಜನ: ನಮ್ಮ ಮನೆ 2. ಬಾಡಿಗೆ ಮನೆ ಒಂದರಿಂದ ಏಳರವರೆಗೆ ಕ್ರಮವಾಗಿ 3, 4, 2, 5, 3, 1, 4. ಒಟ್ಟು 24.

ಲೆಕ್ಕದ ಪುಸ್ತಕ

ಸಮಪಾಲು: 870, 2,400, 1,500, 400. ಒಟ್ಟು 5,170. ಎಂಟು ಮನೆಗೆ, ಒಂದಕ್ಕೆ 646.25.

ತಲೆಲೆಕ್ಕ: 3,450, 1,680, 5,400. ಒಟ್ಟು 10,530. ಇಪ್ಪತ್ನಾಲ್ಕು ಜನಕ್ಕೆ, ಒಬ್ಬರಿಗೆ 438.75.

ಒಬ್ಬರೇ ಇರುವ ಮನೆಗೆ 1,085. ಇಬ್ಬರಿಗೆ 1,524. ಮೂವರಿಗೆ 1,963. ನಾಲ್ವರಿಗೆ 2,401. ಐವರಿಗೆ 2,840. ಎಂಟೂ ಮನೆ ಕೂಡಿಸಿದರೆ 15,701 ಬರುತ್ತದೆ. ಒಂದು ರೂಪಾಯಿ ಜಾಸ್ತಿ, ಪೈಸೆ ಹತ್ತಿರದ ರೂಪಾಯಿಗೆ ಮಾಡಿದ್ದರಿಂದ. ಆ ಒಂದು ರೂಪಾಯಿ ಮುಂದಿನ ತಿಂಗಳಿಗೆ ಹೋಯಿತು ಅಂತ ಶೀಟ್‌ನಲ್ಲಿ ಬರೆಯಿರಿ. ನಗಬೇಡಿ. ನಮ್ಮಲ್ಲಿ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಪ್ರತಿ ತಿಂಗಳು ಕ್ಯಾಲ್ಕುಲೇಟರ್ ಹಿಡಿದು ಕೂಡಿಸಿ ನೋಡುತ್ತಾರೆ. ಮೊದಲ ಸಲ ಮೂರು ರೂಪಾಯಿ ವ್ಯತ್ಯಾಸಕ್ಕೆ ಮೀಟಿಂಗ್ ಕರೆದಿದ್ದರು.

ಓನರ್ ಮಗಳು

ಕೂತು ಶೀಟ್ ಮಾಡುತ್ತಿದ್ದೇನೆ. ಮೊದಲ ಮನೆಗೆ ಸರಿಯಾಗಿ ಬಂತು. ಫಾರ್ಮುಲಾ ಕೆಳಗೆ ಎಳೆದರೆ ಎರಡನೇ ಮನೆಯಿಂದ `#DIV/0!` ಅಂತ ಬರುತ್ತಿದೆ.

ಲೆಕ್ಕದ ಪುಸ್ತಕ

ಎಳೆದಾಗ ಮೊತ್ತದ ಸೆಲ್‌ಗಳೂ ಒಂದೊಂದು ಸಾಲು ಕೆಳಗೆ ಜಾರುತ್ತಿವೆ. ಕೊನೆಗೆ ಖಾಲಿ ಸೆಲ್‌ನಿಂದ ಭಾಗಿಸುತ್ತಿದೆ. ಡಾಲರ್ ಗುರುತು ಹಾಕಿದರೆ ಅವು ಕದಲಲ್ಲ. ಸಮಪಾಲಿನ ಮೊತ್ತ E2, ತಲೆಲೆಕ್ಕದ ಮೊತ್ತ E3, ಮನೆ ಸಂಖ್ಯೆ E4, ಜನಸಂಖ್ಯೆ E5 ಅಂತ ಇಟ್ಟುಕೊಳ್ಳಿ. ಪ್ರತಿ ಮನೆಯ ಜನ B9ರಿಂದ ಕೆಳಗೆ.

```
=ROUND($E$2/$E$4+$E$3/$E$5*B9,0)
```

ನಿಮಗೆ `#DIV/0!` ಬಂದದ್ದು ಅದೃಷ್ಟ. ಜಾರಿದ ಸೆಲ್‌ನಲ್ಲಿ ಬೇರೆ ಯಾವುದೋ ಸಂಖ್ಯೆ ಇದ್ದಿದ್ದರೆ ತಪ್ಪು ಮೊತ್ತ ಸರಿಯಾದ ಹಾಗೇ ಕಾಣಿಸುತ್ತಿತ್ತು. ಅದಕ್ಕೇ ಕೊನೆಯಲ್ಲಿ ಎಂಟೂ ಮನೆ ಕೂಡಿಸಿ 15,701 ಬರುತ್ತಾ ನೋಡುವುದು.

ಇನ್ನೊಂದು. ಕಳಿಸುವಾಗ ಪಿಡಿಎಫ್ ಮಾಡಿ. ಬರೀ ಶೀಟ್ ಕಳಿಸಿದರೆ ಹಳೆಯ ಫೋನ್‌ಗಳಲ್ಲಿ ಅರ್ಧ ಕಾಲಂ ಕಾಣಲ್ಲ.

ಓನರ್ ಮಗಳು

ಮೊದಲ ಸಲ ಕಳಿಸಿದ ಶೀಟ್‌ನಲ್ಲಿ ಯಾರು ಎಷ್ಟು ಬಾಡಿಗೆ ಬಾಕಿ ಇಟ್ಟಿದ್ದಾರೆ ಅನ್ನುವ ಕಾಲಮೂ ಇತ್ತು. ಅಪ್ಪನ ಡೈರಿಯಿಂದ ನಕಲು ಮಾಡಿದ್ದೆ. ಈಗ ನೆನಪಾಯಿತು.

ಒಂಟಿ ಹಕ್ಕಿ

ಅಯ್ಯೋ!! ನಲವತ್ತು ಮೆಸೇಜ್ ಯಾಕೆ ಬಂತು ಅಂತ ಈಗ ಗೊತ್ತಾಯಿತು.

ಲೆಕ್ಕದ ಪುಸ್ತಕ

ಆ ಕಾಲಂ ಇದ್ದ ಫೈಲನ್ನು ಗ್ರೂಪಿನಿಂದ ಅಳಿಸಿ. ಬಾಕಿ ಇದ್ದವರಿಗೆ ಬೇರೆಯಾಗಿ ಫೋನ್ ಮಾಡಿ ಕ್ಷಮೆ ಕೇಳಿ. ಮೆಸೇಜ್‌ನಲ್ಲಿ ಬೇಡ. ಬಾಡಿಗೆ ಬಾಕಿಗೂ ಮೆಂಟೆನೆನ್ಸ್‌ಗೂ ಒಂದೇ ಶೀಟ್ ಬೇಡ.

ಜಯನಗರ 4ನೇ ಬ್ಲಾಕ್

ನನ್ನ ಪ್ರಶ್ನೆ ಬೇರೆ. ನಮಗೆಲ್ಲ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತದೆ. ಹಾಗಿದ್ದ ಮೇಲೆ ಓನರ್ ಕರೆಂಟ್‌ಗೆ ಅಂತ ದುಡ್ಡು ಕೇಳುವುದು ಹೇಗೆ? 200 ಯೂನಿಟ್ ಫ್ರೀ ಅಲ್ವಾ?

ಓನರ್ ಮಗಳು

ನಮ್ಮ ಗ್ರೂಪಿನಲ್ಲೂ ಇದೇ ಪ್ರಶ್ನೆ ಬಂದಿತ್ತು. ನನಗೂ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ.

ಲೆಕ್ಕದ ಪುಸ್ತಕ

ಸೊನ್ನೆ ಬರುವುದು ನಿಮ್ಮ ಮನೆಯ ಮೀಟರ್‌ಗೆ. ಲಿಫ್ಟ್, ಮೋಟಾರ್, ಮೆಟ್ಟಿಲ ದೀಪ ಇರುವುದು ಬೇರೆ ಮೀಟರ್‌ನಲ್ಲಿ, ಬೇರೆ ಆರ್‌ಆರ್ ನಂಬರ್. ಅದು ಓನರ್ ಹೆಸರಿನಲ್ಲಿರುತ್ತದೆ. ಒಬ್ಬರ ಹೆಸರಿನಲ್ಲಿ ಎಷ್ಟು ಮೀಟರ್ ಇದ್ದರೂ ಗೃಹಜ್ಯೋತಿ ಒಂದಕ್ಕೇ. ಓನರ್ ಅದನ್ನು ತಮ್ಮ ಮನೆಯ ಮೀಟರ್‌ಗೆ ಹಾಕಿಸಿಕೊಂಡಿರುತ್ತಾರೆ. ಹಾಗಾಗಿ ಕಾಮನ್ ಮೀಟರ್‌ಗೆ ಪೂರ್ತಿ ಬಿಲ್ ಬರುತ್ತದೆ. ಎರಡು ವಾಕ್ಯದಲ್ಲಿ ಮೆಸೇಜ್‌ನಲ್ಲೇ ಹೇಳಿಬಿಡಿ, ಜೊತೆಗೆ ಆ ಬಿಲ್ಲಿನ ಫೋಟೋ ಹಾಕಿ.

ಕಾನೂನು ಗೊತ್ತು

ಟ್ಯಾಂಕರ್ 900 ಅಂದಿರಿ. ಸರ್ಕಾರ 6,000 ಲೀಟರಿಗೆ 600 ರೂಪಾಯಿ ಅಂತ ದರ ಕಟ್ಟಿದೆ. 300 ಜಾಸ್ತಿ ಕೊಟ್ಟಿದ್ದೀರಿ. ಬಾಡಿಗೆದಾರರು ಕೇಳಿದರೆ ಏನು ಹೇಳುತ್ತೀರಿ?

ಲೆಕ್ಕದ ಪುಸ್ತಕ

ಆ ದರ 2024ರ ಬೇಸಿಗೆಯಲ್ಲಿ, ಬೋರ್‌ಗಳೆಲ್ಲ ಬತ್ತಿದಾಗ ಜಿಲ್ಲಾಡಳಿತ ಮಾಡಿದ್ದು. 600 ಇದ್ದದ್ದು 5 ಕಿಲೋಮೀಟರ್ ಒಳಗೆ ಮಾತ್ರ. ಐದರಿಂದ ಹತ್ತು ಕಿಲೋಮೀಟರಿಗೆ 750. ಆ ವರ್ಷದ ಬರಕ್ಕೆ ಮಾಡಿದ ದರವನ್ನು ಹಿಡಿದುಕೊಂಡು ಈಗ ಟ್ಯಾಂಕರ್‌ನವನ ಮುಂದೆ ನಿಂತರೆ ಅವನು ಗಾಡಿ ತಿರುಗಿಸಿಕೊಂಡು ಹೋಗುತ್ತಾನೆ. ಮೂರು ಕಡೆ ದರ ಕೇಳಿ ಬರೆದಿಟ್ಟುಕೊಳ್ಳಿ. ಅಷ್ಟು ಸಾಕು.

ಹುಬ್ಬಳ್ಳಿ ಮನೆ

ದರ ಬಿಡಿ, ಅಳತೆ ನೋಡಿದ್ದೀರಾ? ನಮ್ಮ ಕಡೆ ನೀರು ಎಂಟು ಹತ್ತು ದಿನಕ್ಕೊಮ್ಮೆ ಬರುತ್ತಿದ್ದ ಕಾಲದಿಂದ ಟ್ಯಾಂಕರ್ ತರಿಸಿ ಗೊತ್ತು. 6,000 ಅಂತ ಬರೆದ ಗಾಡಿಯಲ್ಲಿ 6,000 ಇರುತ್ತದೆ ಅಂತ ಏನೂ ಇಲ್ಲ. ಸಂಪಿಗೆ ಕೋಲು ಇಳಿಸಿ. ಸಂಪಿನ ಉದ್ದ ಅಗಲ ಅಡಿಯಲ್ಲಿ ಅಳೆಯಿರಿ. ಒಂದು ಘನ ಅಡಿಗೆ 28.3 ಲೀಟರ್. ಟ್ಯಾಂಕರ್ ಬರುವ ಮುಂಚೆ ಕೋಲಿನ ಒದ್ದೆ ಗುರುತು ಎಲ್ಲಿದೆ, ಖಾಲಿ ಮಾಡಿದ ಮೇಲೆ ಎಲ್ಲಿದೆ. ನಡುವಿನ ಎತ್ತರದಲ್ಲಿ ಲೆಕ್ಕ ಗೊತ್ತಾಗುತ್ತದೆ.

ಓನರ್ ಮಗಳು

ಇದು ಹೊಳೆದೇ ಇರಲಿಲ್ಲ. ನಮ್ಮ ಸಂಪು 8 ಅಡಿ ಉದ್ದ, 6 ಅಡಿ ಅಗಲ, ಸುಮಾರು 7 ಅಡಿ ಆಳ. ನಾಳೆ ಟ್ಯಾಂಕರ್ ಬರುತ್ತದೆ, ನೋಡುತ್ತೇನೆ.

ಹುಬ್ಬಳ್ಳಿ ಮನೆ

ಹಾಗಾದರೆ 48 ಚದರ ಅಡಿ. ಒಂದು ಅಡಿ ಏರಿದರೆ ಸುಮಾರು 1,358 ಲೀಟರ್. 6,000 ಬಂದರೆ 4 ಅಡಿ 5 ಇಂಚು ಏರಬೇಕು. ಆ ಹೊತ್ತಿನಲ್ಲಿ ಮೋಟಾರ್ ಹಾಕಬೇಡಿ, ಕಾವೇರಿ ವಾಲ್ವನ್ನೂ ಮುಚ್ಚಿ. ಇಲ್ಲದಿದ್ದರೆ ಅಳತೆಗೆ ಅರ್ಥವಿಲ್ಲ.

ಓನರ್ ಮಗಳು

ಇವತ್ತು ಅಳೆದೆ. ಬಿದಿರು ಕೋಲಿಗೆ ಸೀಮೆಸುಣ್ಣ ಹಚ್ಚಿ ಇಳಿಸಿದೆ, ಅಪ್ಪ ಟಾರ್ಚ್ ಹಿಡಿದರು. ಏರಿದ್ದು 3 ಅಡಿ 9 ಇಂಚು.

ಹುಬ್ಬಳ್ಳಿ ಮನೆ

3.75 ಗುಣಿಸು 1,358. ಸುಮಾರು 5,100 ಲೀಟರ್. 900 ಲೀಟರ್ ಕಡಿಮೆ. ಗಾಡಿಯವನನ್ನು ಕೇಳಿದಿರಾ?

ಓನರ್ ಮಗಳು

ಕೇಳಿದೆ. "ಮೇಡಂ, ಟ್ಯಾಂಕ್ 6,000ದ್ದೇ, ಪೂರ್ತಿ ತುಂಬಿದರೆ ರಸ್ತೆಯಲ್ಲಿ ಚೆಲ್ಲುತ್ತೆ" ಅಂದರು. ಅಪ್ಪನಿಗೆ ಸಿಟ್ಟು ಬಂತು. ಮುಂದಿನ ಸಲ ಬೇರೆಯವರನ್ನು ಕರೆಯೋಣ ಅಂತಿದ್ದಾರೆ.

ಲೆಕ್ಕದ ಪುಸ್ತಕ

ಒಂದೇ ಗಾಡಿ ನೋಡಿ ಆರಕ್ಕೂ ಹಾಗೇ ಅನ್ನಬೇಡಿ. ಮಾರ್ಚ್ ಬಿಲ್ ಹೇಗಿದೆಯೋ ಹಾಗೇ ಇರಲಿ, ದುಡ್ಡು ಕೊಟ್ಟಾಗಿದೆ. ಇನ್ನು ಮುಂದೆ ಒಂದು ನೋಟ್‌ಬುಕ್ ಸಂಪಿನ ಪಕ್ಕದ ಗೋಡೆಗೆ ನೇತುಹಾಕಿ. ದಿನ, ಹೊತ್ತು, ಕೋಲಿನ ಎರಡು ಗುರುತು, ಕೊಟ್ಟ ದುಡ್ಡು. ಆ ಹೊತ್ತಿಗೆ ಯಾರು ಮನೆಯಲ್ಲಿದ್ದರೋ ಆ ಬಾಡಿಗೆದಾರರೊಬ್ಬರ ಸಹಿ. ಆರು ಟ್ಯಾಂಕರ್ ಬಂದದ್ದೇ ಸುಳ್ಳು ಅನ್ನುವವರ ಬಾಯಿ ತಾನಾಗಿ ಮುಚ್ಚುತ್ತದೆ.

ಊರಿಗೆ ಹೋಗಿದ್ದೆ

ತಲೆಲೆಕ್ಕ ಅಂದರೆ ನನ್ನಂಥವರ ಕಥೆ ಏನು? ನಾವು ಗಂಡ ಹೆಂಡತಿ ಮಾರ್ಚ್‌ನಲ್ಲಿ ಇಪ್ಪತ್ತು ದಿನ ಶಿವಮೊಗ್ಗದಲ್ಲಿದ್ದೆವು, ಅತ್ತೆಗೆ ಆಪರೇಷನ್. ವಾಪಸ್ ಬಂದರೆ ಪೂರ್ತಿ ತಿಂಗಳ ನೀರಿನ ದುಡ್ಡು ಕೇಳಿದರು. ನಮ್ಮ ಓನರ್ ಕಥೆ ಹೇಳುತ್ತಿದ್ದೇನೆ, ನಿಮ್ಮದಲ್ಲ.

ಓನರ್ ಮಗಳು

ನಮ್ಮಲ್ಲೂ ಮೂರನೇ ಮನೆಯವರು ಮಾರ್ಚ್‌ನಲ್ಲಿ ಹೆಚ್ಚು ದಿನ ಇರಲಿಲ್ಲ! ಇಬ್ಬರೇ ಇರುವ ಮನೆ. ಅರ್ಧ ಹಿಡಿಯಲಾ?

ಲೆಕ್ಕದ ಪುಸ್ತಕ

ಹಿಡಿಯಬಹುದು. ಆದರೆ ಅವರಿಗೆ ಬಿಟ್ಟದ್ದು ಉಳಿದವರ ಮೇಲೆ ಹೋಗುತ್ತದೆ. ಇಬ್ಬರನ್ನು ಒಬ್ಬರು ಅಂತ ಹಿಡಿದರೆ ಒಟ್ಟು 23. ತಲೆಗೆ 438.75 ಇದ್ದದ್ದು ಸುಮಾರು 457.80 ಆಗುತ್ತದೆ. ಒಬ್ಬರಿಗೆ 19 ರೂಪಾಯಿ ಜಾಸ್ತಿ, ಐದು ಜನರ ಮನೆಗೆ 95. ಮಾರ್ಚ್ ಮುಗಿದ ಮೇಲೆ ನೀವೇ ಒಬ್ಬರಿಗೆ ವಿನಾಯಿತಿ ಕೊಟ್ಟರೆ ಉಳಿದವರು "ನಮ್ಮನೆಗೂ ನಾಲ್ಕು ದಿನ ಬೀಗ ಇತ್ತು" ಅಂತ ಬರುತ್ತಾರೆ. ಏಪ್ರಿಲ್‌ನಿಂದ ನಿಯಮ ಮಾಡಿ. ಸತತ ಹದಿನೈದು ದಿನಕ್ಕಿಂತ ಜಾಸ್ತಿ ಇಲ್ಲದಿದ್ದರೆ, ಹೋಗುವ ಮುಂಚೆ ತಿಳಿಸಿದ್ದರೆ, ತಲೆಲೆಕ್ಕದಲ್ಲಿ ಅರ್ಧ. ಸಮಪಾಲಿನಲ್ಲಿ ವಿನಾಯಿತಿ ಇಲ್ಲ.

ಊರಿಗೆ ಹೋಗಿದ್ದೆ

ಆಪರೇಷನ್‌ಗೆ ಹೋಗುವವರು ಮುಂಚೆ ಹೇಗೆ ತಿಳಿಸುತ್ತಾರೆ ಸ್ವಾಮಿ? ರಾತ್ರೋರಾತ್ರಿ ಬಸ್ ಹತ್ತಿದ್ದು ನಾವು.

ಲೆಕ್ಕದ ಪುಸ್ತಕ

ಸರಿ, ಹೋದ ಮೇಲೆ ಒಂದು ಮೆಸೇಜ್ ಹಾಕಿದರೂ ಸಾಕು ಅಂತ ಇಟ್ಟುಕೊಳ್ಳಿ.

ಒಂಟಿ ಹಕ್ಕಿ

ಚಿಕ್ಕ ಮಕ್ಕಳನ್ನು ಎಣಿಸುತ್ತೀರಾ? ನಮ್ಮ ಬಿಲ್ಡಿಂಗ್‌ನಲ್ಲಿ ಅದಕ್ಕೇ ಜಗಳ.

ಹುಬ್ಬಳ್ಳಿ ಮನೆ

ಎಣಿಸಲೇಬೇಕು. ಕೂಸು ಇರುವ ಮನೆಯಲ್ಲೇ ಬಟ್ಟೆ ಒಗೆಯುವುದು ಜಾಸ್ತಿ. ಇದೆಲ್ಲ ರಗಳೆ ಬೇಡ ಅಂದರೆ ಮನೆಗೊಂದು ನೀರಿನ ಮೀಟರ್ ಕೂಡಿಸಿ.

ಲೆಕ್ಕದ ಪುಸ್ತಕ

ಹಳೆಯ ಬಿಲ್ಡಿಂಗ್‌ನಲ್ಲಿ ಅದು ಅಷ್ಟು ಸುಲಭ ಅಲ್ಲ. ಮೇಲಿನ ಟ್ಯಾಂಕಿನಿಂದ ಅಡುಗೆಮನೆಗೆ ಒಂದು ಪೈಪ್, ಬಾತ್‌ರೂಮಿಗೆ ಇನ್ನೊಂದು ಪೈಪ್ ನೇರವಾಗಿ ಇಳಿದಿರುತ್ತದೆ. ಒಂದೇ ಪೈಪ್ ಮೂರು ಮಹಡಿಯ ಅಡುಗೆಮನೆಗೂ ಹೋಗುತ್ತದೆ. ಒಂದು ಮನೆಗೆ ಎರಡು ಮೂರು ಮೀಟರ್ ಬೇಕಾಗುತ್ತದೆ. ಹಾಕಿದರೂ ಎಲ್ಲ ಮೀಟರ್ ಕೂಡಿಸಿದ್ದು ತರಿಸಿದ ನೀರಿಗೆ ಸರಿಹೋಗಲ್ಲ. ತೊಟ್ಟಿಕ್ಕುವ ನಲ್ಲಿಯ ಸಣ್ಣ ಹರಿವನ್ನು ಮೀಟರ್ ಹಿಡಿಯಲ್ಲ. ಟ್ಯಾಂಕ್ ತುಂಬಿ ಚೆಲ್ಲಿದ ನೀರು ಯಾವ ಮೀಟರಿಗೂ ಸಿಗಲ್ಲ. ನಮ್ಮಲ್ಲಿ ಮೀಟರ್ ಇದ್ದೂ ಈ ವ್ಯತ್ಯಾಸದ ಸಾಲಿಗೇ ಪ್ರತಿ ತಿಂಗಳು ಪ್ರಶ್ನೆ.

ಓನರ್ ಮಗಳು

ಮಕ್ಕಳನ್ನು ಎಣಿಸಿಯೇ 24 ಬಂದಿದೆ. ನಾಲ್ಕನೇ ಮನೆಯಲ್ಲಿ ಎಂಟು ತಿಂಗಳ ಮಗು ಇದೆ. ಅಮ್ಮ "ಪಾಪ, ಬಿಡೇ" ಅನ್ನುತ್ತಿದ್ದಾರೆ. ಇನ್ನೂ ತೀರ್ಮಾನ ಆಗಿಲ್ಲ, ಸದ್ಯಕ್ಕೆ ಎಣಿಸಿದ್ದೇನೆ.

ಮೆಸೇಜ್ ಬರೆದಿದ್ದೇನೆ. ನೋಡಿ ಹೇಳಿ:

"ಎಲ್ಲರಿಗೂ ನಮಸ್ಕಾರ. ಮಾರ್ಚ್ ತಿಂಗಳ ಮೆಂಟೆನೆನ್ಸ್ ಅಂತ ಮೊದಲು ಕಳಿಸಿದ 3,030ರ ಲೆಕ್ಕದಲ್ಲಿ ನನ್ನಿಂದ ತಪ್ಪಾಗಿದೆ. ದಯವಿಟ್ಟು ಅದನ್ನು ಬಿಟ್ಟು ಇದರ ಜೊತೆಗಿರುವ ಹೊಸ ಶೀಟ್ ನೋಡಿ. ಮೋಟಾರ್ ರಿಪೇರಿಯ 5,500 ತೆಗೆದಿದ್ದೇವೆ, ಅದು ನಮ್ಮ ಖರ್ಚು. ನಮ್ಮ ಮನೆಯನ್ನೂ ಸೇರಿಸಿ ಎಂಟು ಮನೆಗೆ ಹಂಚಿದ್ದೇವೆ.

ತಿಂಗಳ ಒಟ್ಟು ಖರ್ಚು 15,700. ಹೋದ ತಿಂಗಳಿಗಿಂತ ಜಾಸ್ತಿ ಆಗಲು ಮುಖ್ಯ ಕಾರಣ ಆರು ಟ್ಯಾಂಕರ್, 5,400. ಬೋರ್ ನೀರು ಮೊದಲಿನ ಹಾಗೆ ಬಂದರೆ ಈ ಸಾಲು ಇರುವುದಿಲ್ಲ.

ಗುಡಿಸುವುದು, ಲಿಫ್ಟ್ ಎಎಂಸಿ, ಟ್ಯಾಂಕ್ ತೊಳೆಸುವುದು, ಕರೆಂಟ್ ಬಿಲ್ಲಿನ ನಿಗದಿತ ಶುಲ್ಕ ಇವು ಎಲ್ಲ ಮನೆಗೂ ಸಮ, ಮನೆಗೆ 646.25. ನೀರು, ಟ್ಯಾಂಕರ್, ಕರೆಂಟಿನ ಯೂನಿಟ್ ದುಡ್ಡು ಮನೆಯಲ್ಲಿರುವ ಜನರ ಲೆಕ್ಕದಲ್ಲಿ, ಒಬ್ಬರಿಗೆ 438.75. ಉದಾಹರಣೆಗೆ ಮೂವರಿರುವ ಮನೆಗೆ 646.25 ಮತ್ತು 438.75ರ ಮೂರು ಪಾಲು ಸೇರಿ 1,963. ನಿಮ್ಮ ಮನೆಯ ಮೊತ್ತ ಶೀಟ್‌ನ ಕೊನೆಯ ಕಾಲಂನಲ್ಲಿದೆ. ಜನರ ಸಂಖ್ಯೆ ತಪ್ಪಿದ್ದರೆ ತಿಳಿಸಿ.

ಕರೆಂಟ್ ಬಿಲ್ ನಿಮ್ಮ ಮನೆಯ ಮೀಟರಿನದಲ್ಲ. ಲಿಫ್ಟ್, ಮೋಟಾರ್, ಮೆಟ್ಟಿಲ ದೀಪದ ಮೀಟರಿನದು, ಅದಕ್ಕೆ ಗೃಹಜ್ಯೋತಿ ಬರುವುದಿಲ್ಲ. ಬಿಲ್‌ಗಳ ಫೋಟೋ ಜೊತೆಗಿದೆ. ಮೂಲ ಬಿಲ್ ನೋಡಬೇಕು ಅಂದರೆ ಸಂಜೆ ಮನೆಗೆ ಬನ್ನಿ. ಈಗಾಗಲೇ 3,030 ಕೊಟ್ಟವರಿಗೆ ಉಳಿದದ್ದು ಏಪ್ರಿಲ್ ಬಾಡಿಗೆಯಲ್ಲಿ ಕಳೆಯುತ್ತೇವೆ."

ಲೆಕ್ಕದ ಪುಸ್ತಕ

ಚೆನ್ನಾಗಿದೆ. ತಪ್ಪನ್ನು ಮೊದಲ ಸಾಲಿನಲ್ಲೇ ಹೇಳಿದ್ದು ಒಳ್ಳೆಯದಾಯಿತು. ಒಂದು ಸೇರಿಸಿ: ಕರೆಂಟ್ ಬಿಲ್ ಯಾವ ದಿನಾಂಕದಿಂದ ಯಾವ ದಿನಾಂಕಕ್ಕೆ, ಕಾವೇರಿ ಬಿಲ್ ಯಾವುದರಿಂದ ಯಾವುದಕ್ಕೆ. ಎರಡೂ ತಿಂಗಳ ಒಂದನೇ ತಾರೀಕಿಗೆ ಶುರುವಾಗಲ್ಲ. ತಿಂಗಳ ನಡುವೆ ಯಾರಾದರೂ ಮನೆ ಖಾಲಿ ಮಾಡಿದರೆ ಆಗ ಅದೇ ಬೇಕಾಗುತ್ತದೆ. "ಹೋದ ತಿಂಗಳಿಗಿಂತ ಜಾಸ್ತಿ" ಅನ್ನುವ ಕಡೆ "ಇಷ್ಟು ದಿನ 1,400 ಅಂದಾಜಿನ ಮೊತ್ತ" ಅಂತ ಒಪ್ಪಿಕೊಂಡರೆ ಇನ್ನೂ ಚೆನ್ನ.

ಬಸವನಗುಡಿ ಬಾಡಿಗೆದಾರ

ನಮ್ಮ ಓನರ್‌ಗೂ ಈ ಮೆಸೇಜ್ ಫಾರ್ವರ್ಡ್ ಮಾಡಬಹುದಾ?

ಓನರ್ ಮಗಳು

ಮಾಡಿ. 😀

ನಿನ್ನೆ ರಾತ್ರಿ ಕಳಿಸಿದೆ. ಐದು ಮನೆಯವರು ಇವತ್ತೇ ಹಾಕಿದರು. ಆರನೇ ಮನೆಯ ಹುಡುಗಿ 1,085 ನೋಡಿ "ಥ್ಯಾಂಕ್ಯೂ ಅಕ್ಕಾ" ಅಂತ ಬರೆದಿದ್ದಾಳೆ. ಐದು ಜನರ ಮನೆಯವರು ಇನ್ನೂ ಏನೂ ಹೇಳಿಲ್ಲ. ಅವರಿಗೆ ಅಮ್ಮನೇ ಮಾತಾಡುತ್ತಾರಂತೆ.

ಉಳಿದವರು ಒಂದನೇ ಮನೆಯವರು. ಅವರಿರುವುದು ನೆಲಮಹಡಿಯ ಹಿಂದಿನ ಮನೆ. "ನಾವು ಲಿಫ್ಟ್ ಹತ್ತಿದ್ದೇ ಇಲ್ಲ, ಎಎಂಸಿ ಯಾಕೆ ಕೊಡಬೇಕು" ಅಂತ ಕೇಳಿದ್ದಾರೆ. ಏನು ಹೇಳಲಿ?

ಕಾನೂನು ಗೊತ್ತು

ಅಪಾರ್ಟ್‌ಮೆಂಟ್‌ಗಳಲ್ಲಿ ನೆಲಮಹಡಿಯವರೂ ಕೊಡುತ್ತಾರೆ. ಕೊಡಲೇಬೇಕು.

ಲೆಕ್ಕದ ಪುಸ್ತಕ

ಅಲ್ಲಿ ಅವರು ಲಿಫ್ಟಿಗೂ ಪಾಲುದಾರರು, ಮಾಲೀಕರು. ಇಲ್ಲಿ ಇವರು ಬಾಡಿಗೆದಾರರು. ಅದಕ್ಕೆ ನನಗೂ ಖಂಡಿತ ಉತ್ತರ ಹೇಳಲು ಬರುತ್ತಿಲ್ಲ. ಅವರ ಪಾಲು 1,500ರಲ್ಲಿ ಎಂಟನೇ ಒಂದು, 187.50. ಅವರನ್ನು ಬಿಟ್ಟರೆ ನಿಮ್ಮ ಅಪ್ಪ ಅಮ್ಮನನ್ನೂ ಬಿಡಬೇಕಾಗುತ್ತದೆ, ಅವರೂ ನೆಲಮಹಡಿ. ಆಗ ಮೇಲಿನ ಆರು ಮನೆಗೆ 250 ಆಗುತ್ತದೆ. ಮೇಲಿನವರು ಒಪ್ಪುತ್ತಾರಾ ಕೇಳಿ.

ಓನರ್ ಮಗಳು

ಅಪ್ಪನಿಗೆ ಹೇಳಿದೆ. "ಬಟ್ಟೆ ಒಣಗಿಸಲು ಟೆರೇಸಿಗೆ ಹೋಗುವಾಗ ಅವರು ಲಿಫ್ಟ್‌ನಲ್ಲೇ ಹೋಗುವುದು, ನಾನು ನೋಡಿದ್ದೇನೆ" ಅಂದರು. ಅದನ್ನು ಗ್ರೂಪಿನಲ್ಲಿ ಬರೆಯಬೇಡಿ ಅಂತ ಫೋನ್ ಕಿತ್ತಿಟ್ಟುಕೊಂಡಿದ್ದೇನೆ.